ಎಂಟು ಹುಣಸೆ ಬೀಜ ಕೊಡು: ಒಂದನೇ ಕ್ಲಾಸಿನ ಮೊದಲ ವಾರ



ಸಂಘದ ವಾರ್ಷಿಕೋತ್ಸವದ ದಿನ ನಾನು ಆಡಿದ ಮಾತನ್ನ ಸ್ಮರಣ ಸಂಚಿಕೆಗೆ ಬರೆದು ಕೊಡು ಅಂತ ಅಣ್ಣಂದಿರು ಹೇಳಿದ್ರು. ಅವತ್ತು ಮೈಕಿನ ಮುಂದೆ ಅರ್ಧ ಬಿಟ್ಟು ಹೋಗಿದ್ದನ್ನೂ ಇಲ್ಲಿ ಸೇರಿಸಿದ್ದೀನಿ. ನಾನು ಬಿ.ಎ. ಓದ್ತಾ ಇರೋನು, ಮೇಷ್ಟ್ರಲ್ಲ. ಜೂನ್ ತಿಂಗಳಲ್ಲಿ ಸಂಘದಿಂದ ನಾವು ಮೂರು ಜನ ನಮ್ಮ ಮಂಡಲದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಒಂದು ವಾರ ಹೋಗಿದ್ವಿ. ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಅಕ್ಷರ, ಸಂಖ್ಯೆ ಎಷ್ಟು ಬರುತ್ತೆ ಅಂತ ನೋಡೋ ಕೆಲಸದಲ್ಲಿ ಮೇಡಂಗೆ ಕೈಜೋಡಿಸೋಕೆ. ಆ ಕೆಲಸ ಹೇಗೆ ಮಾಡೋದು ಅನ್ನೋದೇ ನನ್ನ ಮಾತು.

ಯಾಕೆ ಇದನ್ನೇ ಆರಿಸಿಕೊಂಡೆ ಅಂದ್ರೆ, ನಮ್ಮ ಕೇರಿಯ ಎಷ್ಟೋ ತಾಯಂದಿರು ಶಾಲೆಯಿಂದ ಮೊದಲು ಕೇಳಿಸಿಕೊಂಡ ಮಾತು ಒಂದೇ: "ನಿಮ್ಮ ಹುಡುಗನಿಗೆ ಏನೂ ಬರಲ್ಲಮ್ಮ." ಇದು ಸಾಮಾನ್ಯವಾಗಿ ಮೊದಲ ವಾರದಲ್ಲೇ ಬರೋ ಮಾತು. ಆಮೇಲೆ ಆ ಮಾತೇ ಮಗು ಎಲ್ಲಿ ಕೂರಬೇಕು, ಯಾರ ಪಕ್ಕ ಕೂರಬೇಕು, ಅವನನ್ನ ಪ್ರಶ್ನೆ ಕೇಳ್ತಾರೋ ಇಲ್ವೋ ಅನ್ನೋದನ್ನೆಲ್ಲ ತೀರ್ಮಾನ ಮಾಡಿಬಿಡುತ್ತೆ. ಏನೂ ಬರಲ್ಲ ಅನ್ನೋದಕ್ಕೆ ಮೊದಲು ಏನು ಕೊಟ್ಟು ನೋಡಿದ್ರು ಅಂತ ಯಾರೂ ಕೇಳಲ್ಲ. ಹೆಚ್ಚಾಗಿ ಕೊಡೋದು ಒಂದು ಸ್ಲೇಟು, ಒಂದು ಬಳಪ. "ಅ ಬರಿ, ಆ ಬರಿ, ಒಂದರಿಂದ ಹತ್ತು ಬರಿ." ಬರೆದ್ರೆ ಬರುತ್ತೆ, ಬರೀದಿದ್ರೆ ಬರಲ್ಲ.

ಐದೂವರೆ ಆರು ವರ್ಷದ ಮಗುವಿಗೆ ಬರೆಯೋದು ಕೊನೆಗೆ ಬರೋ ಕೆಲಸ. ಮೊದಲು ಕಿವಿಗೆ ಗೊತ್ತಾಗುತ್ತೆ, ಆಮೇಲೆ ಬಾಯಿಗೆ, ಆಮೇಲೆ ಕಣ್ಣಿಗೆ, ಎಲ್ಲಾ ಆದ ಮೇಲೆ ಬೆರಳಿಗೆ. ಮನೆಯಲ್ಲಿ ಬಳಪ ಹಿಡಿದ ಮಗು ಬರೀತದೆ, ಹಿಡೀದ ಮಗು ಬರೆಯಲ್ಲ. ಸ್ಲೇಟಿನ ಪರೀಕ್ಷೆ ಅಳೆಯೋದು ಹೆಚ್ಚಾಗಿ ಇಷ್ಟನ್ನೇ. ಅಂಗಡಿಗೆ ಹೋಗಿ ಹತ್ತು ರೂಪಾಯಿ ಕೊಟ್ಟು ಐದು ರೂಪಾಯಿಯ ಎರಡು ಬಿಸ್ಕತ್ ಪೊಟ್ಟಣ ತರೋ ಮಗು 10 ಅಂತ ಬರೆಯೋಕೆ ಆಗದೆ ನಿಂತಿರುತ್ತೆ. ಅದರ ಲೆಕ್ಕ ಯಾವ ಪುಸ್ತಕದಲ್ಲೂ ದಾಖಲಾಗಲ್ಲ.

ಈ ಮೊದಲ ವಾರದ ಪರೀಕ್ಷೆ ನಾವು ಕಂಡುಹಿಡಿದದ್ದೇನಲ್ಲ. ಗಡಿಯಾಚೆ ಕರ್ನಾಟಕದಲ್ಲಿ ವರ್ಷದ ಶುರುವಿನಲ್ಲಿ ಸೇತುಬಂಧ ಅಂತ ಮಾಡ್ತಾರೆ. ಮೊದಲು ಒಂದು ಪರೀಕ್ಷೆ, ಅದರಲ್ಲಿ ಕಂಡ ಕೊರತೆಗೆ ಕೆಲವು ದಿನದ ಪಾಠ, ಆಮೇಲೆ ಮತ್ತೊಂದು ಪರೀಕ್ಷೆ. ಅಲ್ಲಿನ ನಲಿ-ಕಲಿ ಪದ್ಧತಿಯಲ್ಲಂತೂ ಮಗು ಏಣಿಯ ಯಾವ ಮೆಟ್ಟಿಲಲ್ಲಿ ಇದೆ ಅಂತ ತಿಳೀದೆ ಪಾಠವೇ ನಡೆಯಲ್ಲ. ಆ ನಲಿ-ಕಲಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರ ಸುಮಾರಿಗೆ. ಅದಕ್ಕೆ ಮಾದರಿ ನಮ್ಮ ಆಂಧ್ರದ್ದೇ, ಮದನಪಲ್ಲೆ ಹತ್ತಿರದ ರಿಷಿವ್ಯಾಲಿ ಶಾಲೆಯ ಹಳ್ಳಿ ಶಾಲೆಗಳು. 2021ರಲ್ಲಿ ಕೇಂದ್ರದಿಂದ ವಿದ್ಯಾ ಪ್ರವೇಶ ಅಂತ ಬಂತು, ಒಂದನೇ ಕ್ಲಾಸಿನ ಮೊದಲ ಮೂರು ತಿಂಗಳು ಆಟದ ಮೂಲಕ ಮಗುವನ್ನ ಶಾಲೆಗೆ ಸಿದ್ಧ ಮಾಡೋದು. ಹೆಸರುಗಳು ಬದಲಾಗ್ತಾ ಇರುತ್ತವೆ. ಎಲ್ಲದರ ಬುಡದಲ್ಲಿ ಇರೋದು ಒಂದೇ ಪ್ರಶ್ನೆ, ಈ ಮಗು ಬರುವಾಗ ಏನು ಹೊತ್ತು ತಂದಿದೆ?

ನಾವು ಒಯ್ದ ಸಾಮಾನು ಹೇಳ್ತೀನಿ, ನಗಬೇಡಿ. ಒಂದು ಡಬ್ಬಿಯಲ್ಲಿ ಇಪ್ಪತ್ತು ಹುಣಸೆ ಬೀಜ. ಮದುವೆ ಕಾರ್ಡಿನ ಹಿಂಬದಿ ಕತ್ತರಿಸಿ ಮಾಡಿದ ಅಕ್ಷರದ ಹತ್ತು ಚೀಟಿ, ಸಂಖ್ಯೆಯ ಹತ್ತು ಚೀಟಿ, ಮಕ್ಕಳ ಹೆಸರಿನ ಚೀಟಿಗಳು. ಒಂದು ಚಿತ್ರದ ಕತೆ ಪುಸ್ತಕ. ಪ್ರತಿ ಮಗುವಿಗೆ ಒಂದು ಹಾಳೆ. ಅಷ್ಟೇ.

ಒಂದು ಮಗುವಿಗೆ ಹತ್ತು ನಿಮಿಷ, ದಿನಕ್ಕೆ ನಾಲ್ಕು ಮಕ್ಕಳು. ಅದಕ್ಕಿಂತ ಹೆಚ್ಚು ಮಾಡಿದ್ರೆ ಕೇಳೋರಿಗೇ ಸುಸ್ತಾಗಿ ಅವಸರ ಬರುತ್ತೆ. ಮಗುವನ್ನ ಒಂಟಿಯಾಗಿ ಕರೀಬೇಕು, ಆದ್ರೆ ರೂಮಿನೊಳಗೆ ಕರೆದು ಬಾಗಿಲು ಹಾಕಬಾರದು. ನಾವು ಜಗಲಿ ಮೇಲೆ ಕೂತ್ವಿ, ಉಳಿದ ಮಕ್ಕಳು ಅಂಗಳದಲ್ಲಿ ಕಾಣೋ ಹಾಗೆ. ಮೊದಲ ಎರಡು ದಿನ ಏನೂ ಕೇಳಲಿಲ್ಲ, ಸುಮ್ಮನೆ ಅವರ ಜೊತೆ ಆಡಿದ್ವಿ. ಗೊತ್ತಿಲ್ಲದ ಮನುಷ್ಯ ಎದುರು ಕೂತು ಪ್ರಶ್ನೆ ಹಾಕಿದ್ರೆ ದೊಡ್ಡೋರೇ ಬಾಯಿ ಬಿಡಲ್ಲ, ಇನ್ನು ಮಕ್ಕಳು ಬಿಡ್ತಾರಾ?

ಕೇಳೋ ಮಾತು ಮನೆ ಮಾತಾಗಿರಬೇಕು. "ಇಲ್ಲಿ ಎಷ್ಟು ಬೀಜಗಳಿವೆ ಎಂದು ತಿಳಿಸು" ಅಂದ್ರೆ ಮಗು ನಮ್ಮ ಮುಖ ನೋಡುತ್ತೆ. "ಎಷ್ಟವೆ ನೋಡು" ಅಂದ್ರೆ ಬೀಜ ನೋಡುತ್ತೆ. ನಮ್ಮ ಅಗಳಿ ಕಡೆ ಇನ್ನೊಂದು ವಿಷಯ ಇದೆ, ಮಗುವಿನ ಬಾಯಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಇರುತ್ತೆ. "ಒಂದು, ಎರಡು, ಮೂರು, ಫೋರ್, ಫೈವ್" ಅಂತ ಹೇಳಿದ ಮಗು ಐದರವರೆಗೆ ಸರಿಯಾಗಿ ಹೇಳಿದೆ. ಏಳು ಅನ್ನೋ ಕಡೆ ತೆಲುಗಿನ ಏಡು ಅಂದ್ರೂ ಅದು ಏಳೇ. ಹಾಳೆ ಮೇಲೆ ಅದನ್ನ ಮಗು ಹೇಳಿದ ಹಾಗೇ ಬರೀಬೇಕು, ತಪ್ಪು ಅಂತ ಗೀಟು ಹಾಕಬಾರದು.

ಈಗ ಸಂಖ್ಯೆಯ ಕೆಲಸಕ್ಕೆ ಬರೋಣ. ಇಬ್ಬರು ಮಕ್ಕಳನ್ನ ಪಕ್ಕಪಕ್ಕ ಇಟ್ಟು ಹೇಳಿದ್ರೆ ಚೆನ್ನಾಗಿ ತಿಳಿಯುತ್ತೆ. ಹೆಸರು ಹೇಳಲ್ಲ. ಒಬ್ಬ ಹುಡುಗ, ಎರಡು ವರ್ಷ ಪ್ರೈವೇಟ್ ಸ್ಕೂಲಿನಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ಮುಗಿಸಿ ಬಂದವನು. ಒಬ್ಬಳು ಹುಡುಗಿ, ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕೂಲಿಗೆ ಇದ್ದಾರೆ, ಇಲ್ಲಿ ಅಜ್ಜಿ ಹತ್ತಿರ ಬೆಳೆದವಳು, ಅಂಗನವಾಡಿಗೆ ಆಗೊಮ್ಮೆ ಈಗೊಮ್ಮೆ ಹೋದವಳು. ಸ್ಲೇಟು ಕೊಟ್ಟಾಗ ಹುಡುಗ ಹತ್ತರವರೆಗೆ ಬರೆದ. ಹುಡುಗಿ ಬಳಪ ಬಾಯಲ್ಲಿಟ್ಟುಕೊಂಡು ಕೂತಳು.

ಮೊದಲ ಕೆಲಸ ಬಾಯಿಪಾಠ. "ನಿಂಗೆ ಎಷ್ಟರ ತನಕ ಬರುತ್ತೆ ಹೇಳು." ಹುಡುಗ ನಿಲ್ಲದೆ ಐವತ್ತರವರೆಗೆ ಹೇಳಿದ. ಹುಡುಗಿ ಹದಿನಾಲ್ಕರವರೆಗೆ ಸರಿಯಾಗಿ ಹೇಳಿ, ಆಮೇಲೆ ಹದಿನೇಳು, ಹದಿನೆಂಟು, ಇಪ್ಪತ್ತು ಅಂತ ಹಾರಿದಳು. ಇಲ್ಲಿಗೆ ನಿಲ್ಲಿಸಿದ್ರೆ ಹುಡುಗ ಜಾಣ, ಹುಡುಗಿ ಹಿಂದೆ. ಎಷ್ಟೋ ಕಡೆ ಇಲ್ಲಿಗೇ ನಿಲ್ಲಿಸ್ತಾರೆ. ಬಾಯಿಪಾಠದಲ್ಲೂ ಗಮನ ಕೊಡಬೇಕಾದ್ದು ಎಷ್ಟರ ತನಕ ಅನ್ನೋದಕ್ಕಿಂತ ಎಲ್ಲಿ, ಹೇಗೆ ತಪ್ಪುತ್ತೆ ಅನ್ನೋದು. ಇನ್ನೊಂದು ಮಗು "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ಹತ್ತು" ಅಂತು. ಪಕ್ಕದವರೆಲ್ಲ ನಕ್ಕರು. ಆದ್ರೆ ಇಪ್ಪತ್ಹತ್ತು ಅನ್ನೋದನ್ನ ಆ ಮಗುವಿಗೆ ಯಾರೂ ಕಲಿಸಿಲ್ಲ. ಇಪ್ಪತ್ತರ ಜೊತೆ ಒಂದು, ಎರಡು ಅಂತ ಸೇರ್ತಾ ಹೋಗುತ್ತೆ ಅನ್ನೋ ಕ್ರಮವನ್ನ ಅದು ತಾನೇ ಹಿಡಿದಿದೆ. ಮೂವತ್ತು ಅನ್ನೋ ಒಂದು ಪದ ಮಾತ್ರ ಬಾಕಿ. ಇಪ್ಪತ್ತೊಂಬತ್ತಕ್ಕೆ ಸುಮ್ಮನೆ ನಿಂತ ಮಗುವಿಗಿಂತ ಇದು ಮುಂದೆ ಇದೆ.

ಎರಡನೇ ಕೆಲಸ ಮುಟ್ಟಿ ಎಣಿಸೋದು. ಎಂಟು ಬೀಜ ಸಾಲಾಗಿ ಇಟ್ಟು ಎಣಿಸು ಅಂದ್ವಿ. ಒಂದು ಬೀಜಕ್ಕೆ ಒಂದೇ ಹೆಸರು ಬೀಳುತ್ತಾ ಅಂತ ನೋಡಬೇಕು. ಕನ್ನಡದಲ್ಲಿ ಇಲ್ಲೊಂದು ತೊಡಕು ಇದೆ. ಒಂ-ದು ಅಂದ್ರೆ ಎರಡು ತುಂಡು, ಎ-ರ-ಡು ಅಂದ್ರೆ ಮೂರು ತುಂಡು. ಕೆಲವು ಮಕ್ಕಳು ತಾಳ ಹಾಕಿದ ಹಾಗೆ ತುಂಡಿಗೊಂದು ಬೀಜ ಮುಟ್ಟುತ್ತಾ ಹೋಗ್ತಾರೆ, ಎರಡು ಅನ್ನೋಷ್ಟರಲ್ಲಿ ಐದು ಬೀಜ ಮುಗಿದಿರುತ್ತೆ. ಸಂಖ್ಯೆಯ ಹೆಸರು ಬರುತ್ತೆ, ಬೆರಳಿಗೂ ಹೆಸರಿಗೂ ಇನ್ನೂ ಜೊತೆ ಕೂಡಿಲ್ಲ ಅಂತ ಅದರರ್ಥ. ನಮ್ಮ ಹುಡುಗ ಹುಡುಗಿ ಇಬ್ಬರೂ ಎಂಟನ್ನೂ ಸರಿಯಾಗಿ ಮುಟ್ಟಿದ್ರು. ಎಣಿಸಿ ಮುಗಿದ ಮೇಲೆ "ಎಷ್ಟವೆ?" ಅಂದೆ. ಹುಡುಗ "ಎಂಟು" ಅಂದ. ಹುಡುಗಿ ಮತ್ತೆ ಮೊದಲಿಂದ ಎಣಿಸೋಕೆ ಶುರು ಮಾಡಿದಳು.

ಎಣಿಕೆಯಲ್ಲಿ ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ. ದೊಡ್ಡವರಾದ ನಮಗೆ ಇದು ಎಷ್ಟು ಸಲೀಸು ಅಂದ್ರೆ, ಇದನ್ನ ಒಂದು ಕಾಲದಲ್ಲಿ ಕಲಿತಿದ್ವಿ ಅನ್ನೋದೇ ಮರೆತಿದ್ದೀವಿ. ಹುಡುಗಿ ಮತ್ತೆ ಎಣಿಸಿದ್ದು ನೋಡಿ ಅವಳಿಗೆ ಇದು ಗೊತ್ತಿಲ್ಲ ಅಂತ ಬರೀಬಹುದಿತ್ತು. ಆದ್ರೆ ಮಗು ಮತ್ತೆ ಎಣಿಸೋಕೆ ಬೇರೆ ಕಾರಣವೂ ಇರುತ್ತೆ. ಈಗಷ್ಟೇ ಹೇಳಿದ್ದನ್ನ ದೊಡ್ಡೋರು ಮತ್ತೆ ಕೇಳಿದ್ರು ಅಂದ್ರೆ ನಾನು ಹೇಳಿದ್ದು ತಪ್ಪಿರಬೇಕು ಅಂದುಕೊಳ್ಳುತ್ತೆ. ಬೈಸಿಕೊಂಡು ಬೆಳೆದ ಮಗುವಂತೂ ಹೀಗೇ ಅಂದುಕೊಳ್ಳುತ್ತೆ. ಹಾಗಾಗಿ "ಎಷ್ಟವೆ" ಅನ್ನೋ ಪ್ರಶ್ನೆ ಒಂದನ್ನೇ ನಂಬಬಾರದು.

ನಂಬಬೇಕಾದ್ದು ಮೂರನೇ ಕೆಲಸ, "ಕೊಡು" ಅನ್ನೋದು. ಡಬ್ಬಿ ಮಗುವಿನ ಮುಂದೆ ಇಟ್ಟು ಎರಡು ಕೊಡು, ಮೂರು ಕೊಡು, ಐದು ಕೊಡು, ಎಂಟು ಕೊಡು ಅಂತ ಕೇಳೋದು. ಮುಂದಿಟ್ಟಿದ್ದನ್ನ ಎಣಿಸುವಾಗ ಬೀಜ ಮುಗಿದ ಕಡೆ ಎಣಿಕೆ ತಾನೇ ನಿಲ್ಲುತ್ತೆ. ಕೊಡುವಾಗ ಹಾಗಲ್ಲ, ಕೇಳಿದ ಸಂಖ್ಯೆಯನ್ನ ತಲೆಯಲ್ಲಿ ಇಟ್ಟುಕೊಂಡು ಎಲ್ಲಿ ನಿಲ್ಲಿಸಬೇಕು ಅಂತ ಮಗುವೇ ತೀರ್ಮಾನ ಮಾಡಬೇಕು. ಕ್ಯಾರೆನ್ ವಿನ್ ಅನ್ನೋ ಮನಃಶಾಸ್ತ್ರಜ್ಞೆ 1990ರಲ್ಲಿ ಅಮೆರಿಕದ ಪುಟ್ಟ ಮಕ್ಕಳಿಗೆ ಇದೇ ಥರ ಕೇಳಿ ನೋಡಿದ್ರು. ಸಾಲಾಗಿ ಇಟ್ಟಿದ್ದನ್ನ ಚೆನ್ನಾಗಿ ಎಣಿಸೋ ಮಕ್ಕಳೇ, ಕೊಡು ಅಂದಾಗ ಎಣಿಸದೆ ಒಂದು ಹಿಡಿ ತೆಗೆದು ಕೊಡ್ತಿದ್ರು. ಮಕ್ಕಳಿಗೆ ಮೊದಲು ಒಂದು ಅನ್ನೋದರ ಅರ್ಥ ಗಟ್ಟಿಯಾಗುತ್ತೆ, ಕೆಲವು ತಿಂಗಳು ಬಿಟ್ಟು ಎರಡು, ಆಮೇಲೆ ಮೂರು. ಅದಾದ ಮೇಲೆ ಒಂದು ಹಂತದಲ್ಲಿ, ಓಹೋ, ಎಷ್ಟು ಬೇಕಾದ್ರೂ ಎಣಿಸಿಯೇ ಕೊಡಬಹುದು ಅಂತ ಹೊಳೆಯುತ್ತೆ. ಅಲ್ಲಿಂದ ಮುಂದೆ ಬಾಯಿಗೆ ಬರೋ ಸಂಖ್ಯೆಯನ್ನೆಲ್ಲ ಕೊಡಬಲ್ಲರು.

ಜಗಲಿ ಮೇಲೆ ಏನಾಯ್ತು ಕೇಳಿ. ಹುಡುಗ ಎರಡು ಕೊಟ್ಟ, ಮೂರು ಕೊಟ್ಟ. ಐದು ಅಂದಾಗ ಒಂದು ಹಿಡಿ ತೆಗೆದು ಕೊಟ್ಟ. "ಎಣಿಸಿ ನೋಡು, ಐದು ಐತಾ?" ಅಂದೆ. ಎಣಿಸಿದ, ಏಳು ಬಂತು. "ಹಂಗಾದ್ರೆ ಇದು ಐದಾ?" ಅಂದೆ. "ಹೂಂ" ಅಂತ ಡಬ್ಬಿ ಮುಚ್ಚಿದ. ಐವತ್ತರವರೆಗೆ ಹೇಳೋ ಹುಡುಗನಿಗೆ ಎಣಿಕೆ ಇನ್ನೂ ಒಂದು ಹಾಡು. ಮೂರರ ಆಚೆ ಅದಕ್ಕೂ ಬೀಜಕ್ಕೂ ಸಂಬಂಧ ಹುಟ್ಟಿಲ್ಲ. ಮುಂಚೆ "ಎಂಟು" ಅಂದಿದ್ದು, ಎಷ್ಟವೆ ಅಂದಾಗ ಕೊನೆಯ ಪದ ಹೇಳಬೇಕು ಅನ್ನೋ ಶಾಲೆಯ ಅಭ್ಯಾಸ.

ಹುಡುಗಿ ಎರಡು, ಮೂರು, ಐದು ಮೂರನ್ನೂ ಒಂದೊಂದಾಗಿ ಎತ್ತಿಟ್ಟು ಕೊಟ್ಟಳು. ಎಂಟು ಅಂದಾಗ ಅವಳೂ ಹಿಡಿ ತುಂಬ ಕೊಟ್ಟಳು! ಇಲ್ಲಿಯೇ ಕೆಲವರು ಇಬ್ಬರೂ ಒಂದೇ ಅಂತ ಬರೆದು ಎದ್ದುಬಿಡ್ತಾರೆ. ಎರಡನೇ ಪ್ರಶ್ನೆ ಕೇಳಲೇಬೇಕು. "ಎಣಿಸಿ ನೋಡು, ಎಂಟು ಐತಾ?" ಎಣಿಸಿದಳು, ಹನ್ನೊಂದು ಬಂತು. ನನ್ನ ಮುಖ ನೋಡಿದಳು, ಎಲ್ಲವನ್ನೂ ಡಬ್ಬಿಗೆ ಸುರಿದಳು, ಒಂದೊಂದಾಗಿ ಎತ್ತಿ ಎಂಟಕ್ಕೆ ನಿಲ್ಲಿಸಿದಳು. ಹಿಡಿ ತುಂಬ ಕೊಟ್ಟಿದ್ದು ಅವಸರ, ಅಷ್ಟೇ. ಎಣಿಕೆ ಯಾತಕ್ಕೆ ಅನ್ನೋದು ಅವಳಿಗೆ ಗೊತ್ತು. ಹದಿನೈದು, ಹದಿನಾರು, ಹತ್ತೊಂಬತ್ತು ಅನ್ನೋ ಮೂರು ಹೆಸರು ಮಾತ್ರ ಗೊತ್ತಿಲ್ಲ, ಅದು ಎರಡು ದಿನದ ಕೆಲಸ. ಡಬ್ಬಿಯಲ್ಲಿ ಮೂರು ಬೀಜ ಅವಳ ಕಣ್ಣೆದುರಿಗೇ ಹಾಕಿ, ಮುಚ್ಚಿ, ಇನ್ನೊಂದು ತೂರಿಸಿ "ಈಗ ಒಳಗೆ ಎಷ್ಟವೆ?" ಅಂದ್ರೆ ತಕ್ಷಣ "ನಾಕು" ಅಂದಳು. ಅಜ್ಜಿ ಜೊತೆ ಹುಣಸೆ ಹಣ್ಣು ಬಿಡಿಸೋಕೆ ಕೂತು ಬೀಜದಲ್ಲಿ ಆಡೋ ಮಗು ಅದು.

ಸ್ಲೇಟಿನ ಪರೀಕ್ಷೆಯ ಸಾಲು ಇಲ್ಲಿ ತಲೆಕೆಳಗಾಯ್ತು. ಹುಡುಗನನ್ನ ದಡ್ಡ ಅನ್ನೋಕೆ ಇದನ್ನ ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳೀಬೇಡಿ. ಅವನಿಗೆ ಸಂಕಲನ ಬರೆಸೋಕೆ ಶುರು ಮಾಡಿದ್ರೆ ಅವನು ಕಾಪಿ ಮಾಡಿಕೊಂಡು ವರ್ಷ ಕಳೀತಾನೆ, ಅರ್ಥ ಆಗದೇ ಇರೋದು ಯಾರಿಗೂ ಗೊತ್ತಾಗಲ್ಲ. ಮೋಸ ಅವನಿಗೂ ಆಗುತ್ತೆ.

ಸಂಖ್ಯೆಯ ಚೀಟಿ ವಿಷಯ ಬೇಗ ಹೇಳಿ ಮುಗಿಸ್ತೀನಿ. 1ರಿಂದ 10ರ ಚೀಟಿ ಕಲಸಿ ಒಂದೊಂದಾಗಿ ತೋರಿಸೋದು. 6ನ್ನ 9 ಅಂದ್ರೆ, 3ನ್ನ ತಿರುವಿ ಬರೆದ್ರೆ ಗಾಬರಿ ಬೇಡ, ಈ ವಯಸ್ಸಿಗೆ ಅದು ಸಾಮಾನ್ಯ. ಚೀಟಿ ಗುರುತು ಹಿಡಿದ ಮೇಲೆ "ಇಷ್ಟು ಬೀಜ ಇದರ ಮೇಲೆ ಇಡು" ಅನ್ನಬೇಕು. ಓದೋದು ಬೇರೆ, ಅದರಷ್ಟು ಇಡೋದು ಬೇರೆ.

ಇನ್ನು ಅಕ್ಷರ. ಗೋಡೆ ಮೇಲಿನ ವರ್ಣಮಾಲೆ ಚಾರ್ಟು ತೋರಿಸಿ "ಓದು" ಅನ್ನಬಾರದು. ಅ ಆ ಇ ಈ ಅನ್ನೋದೂ ಒಂದು ಹಾಡೇ, ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಅಕ್ಷರಗಳನ್ನ ಚೀಟಿಯಲ್ಲಿ ಬರೆದು, ಕ್ರಮ ತಪ್ಪಿಸಿ, ಒಂದೊಂದಾಗಿ ತೋರಿಸಬೇಕು. ನಾವು ಇಟ್ಟಿದ್ದು ಅ, ರ, ಮ, ಗ, ಕ, ಲ, ಈ, ತ, ನ, ಸ. ಒಬ್ಬ ಮಗು ಈ ಚೀಟಿ ನೋಡಿ ಬಾಯಲ್ಲೇ "ಅ, ಆ, ಇ, ಈ" ಅಂತ ಗುನುಗಿ "ಈ" ಅಂತ ಹೇಳ್ತು. ಅದು ಸರಿ ಉತ್ತರವೇ, ಆದ್ರೆ ಹಾಡಿನ ಸಹಾಯದಿಂದ ಬಂದದ್ದು. ನಾವು ಅದರ ಪಕ್ಕದಲ್ಲಿ "ಗುನುಗಿ ಹೇಳಿತು" ಅಂತ ಬರೆದ್ವಿ.

ಅಗಳಿ ಕಡೆಯ ಒಂದು ವಿಶೇಷ ಇಲ್ಲಿ ಹೇಳಲೇಬೇಕು. ಬೇರೆ ಊರಿನಲ್ಲಿ ಬರೆದ ಯಾವ ಕೈಪಿಡಿಯಲ್ಲೂ ಇದು ಇರಲ್ಲ. ನಮ್ಮಲ್ಲಿ ಮಗು ತೆಲುಗು ಅಕ್ಷರ ಕಲಿತು ಕನ್ನಡ ಮಾಧ್ಯಮಕ್ಕೆ ಬರಬಹುದು, ಕನ್ನಡ ಕಲಿತು ತೆಲುಗಿಗೂ ಹೋಗಬಹುದು. ಎರಡು ಲಿಪಿಯೂ ಅಕ್ಕ ತಂಗಿ ಇದ್ದ ಹಾಗೆ. ಅ, ಗ, ನ, ರ, ಲ ಹೆಚ್ಚುಕಡಿಮೆ ಒಂದೇ, ತಲೆಕಟ್ಟು ಮಾತ್ರ ಬೇರೆ. ಕ, ತ, ಸ ಎರಡರಲ್ಲೂ ಬೇರೆ ಬೇರೆ. ತೆಲುಗು ಕಲಿತ ಒಂದು ಮಗು ನಮ್ಮ ಹತ್ತು ಚೀಟಿಯಲ್ಲಿ ಏಳನ್ನ ಹೇಳಿ, ಸರಿಯಾಗಿ ಕ, ತ, ಸ ಬಂದಾಗ ನಿಂತುಬಿಡ್ತು. ಲೆಕ್ಕಕ್ಕೆ ಅದು ಹತ್ತಕ್ಕೆ ಏಳು. ಆದ್ರೆ ಅದೇ ಮೂರು ಅಕ್ಷರ ತೆಲುಗಿನಲ್ಲಿ ಬರೆದು ತೋರಿಸಿದಾಗ ಮೂರನ್ನೂ ಹೇಳ್ತು. ಈ ಮಗುವಿಗೆ ಅಕ್ಷರ ಅಂದ್ರೇನು ಅಂತ ಪೂರ್ತಿ ಗೊತ್ತು, ಕನ್ನಡದ ಕೆಲವು ಆಕಾರ ಮಾತ್ರ ಬಾಕಿ. ಅದನ್ನ ಅ ಆ ಇ ಈ ಇಂದ ಮತ್ತೆ ಶುರು ಮಾಡಿಸಿದ್ರೆ ತಿಂಗಳುಗಟ್ಟಲೆ ವ್ಯರ್ಥ. ಹಾಗಾಗಿ ಗಡಿ ಶಾಲೆಯಲ್ಲಿ ಚೀಟಿಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಹೆಸರಿನ ಚೀಟಿ ಮಕ್ಕಳಿಗೆ ತುಂಬ ಇಷ್ಟ. ಮೂರು ಚೀಟಿ ಇಟ್ಟು "ನಿನ್ನ ಹೆಸರು ಯಾವುದು?" ಅನ್ನೋದು. ಉಳಿದ ಎರಡು ಚೀಟಿ ಆರಿಸೋದರಲ್ಲಿ ಗುಟ್ಟಿದೆ. ಒಂದು, ಮಗುವಿನ ಹೆಸರಿನ ಮೊದಲ ಅಕ್ಷರದಿಂದಲೇ ಶುರುವಾಗೋ ಬೇರೆ ಹೆಸರು. ಇನ್ನೊಂದು, ಅಷ್ಟೇ ಉದ್ದದ ಬೇರೆ ಹೆಸರು. ಬೀಜದ ಹುಡುಗಿ ಮೊದಲ ಅಕ್ಷರ ಒಂದೇ ಇರೋ ಬೇರೆ ಹೆಸರನ್ನ ಎತ್ತಿದಳು. ತಪ್ಪೇ, ಆದ್ರೆ ಅವಳು ಮೊದಲ ಅಕ್ಷರ ನೋಡ್ತಾಳೆ ಅಂತ ಅದರಿಂದಲೇ ತಿಳೀತು. ಉದ್ದ ನೋಡಿ ಎತ್ತೋ ಮಗು ಇನ್ನೂ ಅಕ್ಷರ ನೋಡ್ತಿಲ್ಲ.

ಅಕ್ಷರ ಒಂದೂ ಬಾರದ ಮಗುವಿಗೂ ಓದಿನ ಅರ್ಧ ದಾರಿ ಕಿವಿಯಲ್ಲಿ ಇರುತ್ತೆ. ಅದನ್ನ ನೋಡೋಕೆ ಚಪ್ಪಾಳೆ ಸಾಕು. ಮನೆ ಅಂದ್ರೆ ಎರಡು ಚಪ್ಪಾಳೆ, ಹುಣಸೆ ಅಂದ್ರೆ ಮೂರು. ಆಮೇಲೆ "ಮರ, ಮನೆ, ಕಾಗೆ, ಇದರಲ್ಲಿ ಯಾವುದು ಬೇರೆ ಥರ ಶುರುವಾಗುತ್ತೆ?" ಕನ್ನಡದಲ್ಲಿ ಒಂದು ಅಕ್ಷರ ಅಂದ್ರೆ ಬಾಯಲ್ಲಿ ಒಂದು ತುಂಡು, ಹಾಗಾಗಿ ಮಾತನ್ನ ತುಂಡು ಮಾಡೋಕೆ ಬಂದ ಮಗುವಿಗೆ ಅಕ್ಷರ ಹಚ್ಚೋದು ಸುಲಭ. ಕನ್ನಡ ಮಕ್ಕಳು ಓದು ಕಲಿಯೋದರ ಬಗ್ಗೆ ಸೊನಾಲಿ ನಾಗ್ ಅನ್ನೋರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಈ ತುಂಡಿನ ಅರಿವು ಬೇಗ ಬರುತ್ತೆ, ತುಂಡಿನೊಳಗಿನ ಕ್ ಮತ್ತು ಅ ಬೇರೆ ಬೇರೆ ಅನ್ನೋ ಅರಿವು ನಿಧಾನಕ್ಕೆ ಬರುತ್ತೆ, ಕಾಗುಣಿತ ಒತ್ತಕ್ಷರ ಎಲ್ಲಾ ಸೇರಿ ಕೈಗೆ ಹತ್ತೋಕೆ ಕೆಲವು ವರ್ಷವೇ ಹಿಡಿಯುತ್ತೆ ಅಂತ ಅವರು ಕಂಡರು. ಅಂದ ಮೇಲೆ ಜೂನ್ ತಿಂಗಳಲ್ಲಿ ಮೂರು ಅಕ್ಷರ ಗುರುತಿಸೋ ಮಗು ಹಿಂದೆ ಬಿದ್ದಿದೆ ಅನ್ನೋದಕ್ಕೆ ಅರ್ಥವೇ ಇಲ್ಲ.

ಕೊನೆಯ ಕೆಲಸ ಪುಸ್ತಕ. ನ್ಯೂಜಿಲೆಂಡಿನ ಮೇರಿ ಕ್ಲೇ ಅನ್ನೋ ವಿದ್ವಾಂಸೆ ರೂಢಿಗೆ ತಂದದ್ದು. ಪುಸ್ತಕವನ್ನ ತಲೆಕೆಳಗಾಗಿ ಕೈಗೆ ಕೊಟ್ಟು "ಎಲ್ಲಿಂದ ಓದೋದು, ಬೆರಳಿಡು" ಅನ್ನೋದು. ಮಗು ಪುಸ್ತಕ ತಿರುಗಿಸುತ್ತಾ, ಚಿತ್ರದ ಮೇಲೆ ಬೆರಳಿಡುತ್ತಾ ಅಕ್ಷರದ ಮೇಲೆ ಇಡುತ್ತಾ, ಎಡದಿಂದ ಬಲಕ್ಕೆ ಹೋಗುತ್ತಾ ನೋಡೋದು. ನಮ್ಮ ಕೇರಿ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಎಡವಿದ್ದು ಇಲ್ಲಿ, ಬೀಜದ ಹುಡುಗಿಯೂ ಚಿತ್ರದ ಮೇಲೆ ಬೆರಳಿಟ್ಟಳು. ಮನೆಯಲ್ಲಿ ಪುಸ್ತಕ ಇಲ್ಲದ ಮಗುವಿಗೆ ಇದು ಹೇಗೆ ಗೊತ್ತಾಗಬೇಕು? ಆದ್ರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಚಿಂತೆ ಮಾಡಬೇಕಾದ್ದೂ ಇದಕ್ಕೇ. ದಿನಕ್ಕೊಂದು ಕತೆಯನ್ನ ಬೆರಳಿಟ್ಟು ಓದಿ ತೋರಿಸಿದ್ರೆ ಒಂದೆರಡು ವಾರದಲ್ಲಿ ಬರುತ್ತೆ. ಬೀಜ ಕೊಡೋದು ಹಾಗೆ ಬರಲ್ಲ.

ಕೇಳೋರ ಕಡೆಯಿಂದ ಆಗೋ ಎಡವಟ್ಟೂ ಇದೆ. ಸರಿ ಚೀಟಿ ಕಡೆ ನಮ್ಮ ಕಣ್ಣು ತಾನಾಗೇ ಹೋಗುತ್ತೆ, ಮಗು ಚೀಟಿ ಬಿಟ್ಟು ನಮ್ಮ ಕಣ್ಣು ಓದುತ್ತೆ. ಎರಡೇ ಚೀಟಿ ಇಟ್ಟು ಕೇಳಿದ್ರೆ ಗೊತ್ತಿಲ್ಲದ ಮಗುವೂ ಅರ್ಧ ಸಲ ಸರಿ ಹೇಳುತ್ತೆ, ಅದಕ್ಕೇ ಮೂರಾದ್ರೂ ಇರಬೇಕು. ತಪ್ಪಿದ ತಕ್ಷಣ ತಿದ್ದಿ ಕಲಿಸೋಕೆ ಮನಸ್ಸಾಗುತ್ತೆ, ಆ ಹತ್ತು ನಿಮಿಷ ಕಲಿಸಬಾರದು. ಸಾಲಾಗಿ ಎರಡು ತಪ್ಪಿದ್ರೆ ಆ ಕೆಲಸ ಬಿಟ್ಟು ಮುಂದಿನದಕ್ಕೆ ಹೋಗಬೇಕು, ಸೋತೆ ಅಂತ ಮಗುವಿಗೆ ಅನ್ನಿಸೋ ಮುಂಚೆ. ಮಗು ಬಾಯೇ ಬಿಡದಿದ್ರೆ "ಬರಲ್ಲ" ಅಂತ ಬರೆಯೋ ಹಾಗಿಲ್ಲ. "ಇವತ್ತು ಮಾತಾಡಲಿಲ್ಲ" ಅಂತ ಬರೆದು ಮೂರು ದಿನ ಬಿಟ್ಟು ಮತ್ತೆ ಕೂರಬೇಕು. ನಾವು ಹೋದ ಶಾಲೆಯಲ್ಲಿ ಮೊದಲ ಸಲ ಮಾತಾಡದ ಇಬ್ಬರೂ ಎರಡನೇ ಸಲ ಎಂಟು ಬೀಜ ಕೊಟ್ಟರು.

ಹಾಳೆಯಲ್ಲಿ ನಾವು ಅಂಕ ಹಾಕಲಿಲ್ಲ. ತಾನೇ ಮಾಡಿತು, ಸಹಾಯದಿಂದ ಮಾಡಿತು, ಇನ್ನೂ ಇಲ್ಲ, ಈ ಮೂರೇ ಗುರುತು, ಪಕ್ಕದಲ್ಲಿ ಮಗು ಆಡಿದ ಮಾತು, ಮೇಲೆ ತಾರೀಕು. ಅಂಕ ಹಾಕಿದ್ರೆ ಕೂಡೋಕೆ ಶುರು ಮಾಡ್ತಾರೆ, ಕೂಡಿದ್ರೆ ಮೊದಲನೇ ರ‍್ಯಾಂಕು, ಕೊನೇ ರ‍್ಯಾಂಕು ಅಂತಾರೆ, ಬೆಂಚು ತೀರ್ಮಾನ ಆಗುತ್ತೆ. ಹತ್ತು ಚೀಟಿ, ಇಪ್ಪತ್ತು ಬೀಜ ಅಷ್ಟನ್ನೆಲ್ಲ ಹೇಳೋಕಾಗಲ್ಲ. ಅದು ಹೇಳೋದು ಮುಂದಿನ ಸೋಮವಾರ ಈ ಮಗುವಿಗೆ ಏನು ಕೊಡಬೇಕು ಅನ್ನೋದನ್ನ ಮಾತ್ರ. ಐದು ಕೊಡು ಅಂದ್ರೆ ಹಿಡಿ ಕೊಟ್ಟವರಿಗೆ ಅಂಗಡಿ ಆಟ, ಮೂರು ನಾಲ್ಕರಿಂದ ಶುರು ಮಾಡಿ. ಎಂಟು ಕೊಟ್ಟವರಿಗೆ ಹತ್ತರ ಕಟ್ಟು ಮಾಡಿಸೋದು. ಅಕ್ಷರದಲ್ಲಿ ಈ ಗುಂಪು ಬೇರೆ ಆಗುತ್ತೆ, ಬೀಜದಲ್ಲಿ ಮುಂದಿದ್ದ ಮಗು ಅಲ್ಲಿ ಹಿಂದೆ ಇರಬಹುದು. ಒಂದೇ ಗುಂಪಿನಲ್ಲಿ ಮಗುವನ್ನ ವರ್ಷಪೂರ್ತಿ ಕೂರಿಸಿದ್ರೆ ಪರೀಕ್ಷೆ ಮಾಡಿದ್ದೇ ದಂಡ.

ಸಂಘದವರು ಎರಡು ಕೆಲಸ ಮಾಡಬಹುದು ಅಂತ ಅವತ್ತು ಸಭೆಯಲ್ಲಿ ಕೇಳಿದ್ದೆ, ಇಲ್ಲೂ ಕೇಳ್ತೀನಿ. ಒಂದು, ಯಾವ ತಾಯಿಗಾದ್ರೂ ಏನೂ ಬರಲ್ಲ ಅಂತ ಹೇಳಿ ಕಳಿಸಿದ್ರೆ ನಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ, ಜಗಳಕ್ಕಲ್ಲ, "ಏನು ಕೊಟ್ಟು ನೋಡಿದ್ರಿ ಮೇಡಂ?" ಅಂತ ಮರ್ಯಾದೆಯಿಂದ ಕೇಳಿ ಬರೋದು. ಇನ್ನೊಂದು, ನಮ್ಮ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೋಗೋರು ಮಧ್ಯದಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗ್ತಾರೆ. ಅಲ್ಲಿನ ಹೊಸ ಶಾಲೆಯಲ್ಲಿ ಮತ್ತೆ ಸ್ಲೇಟು, ಮತ್ತೆ ಅದೇ ಮಾತು. ಆ ಹಾಳೆಯ ಒಂದು ಫೋಟೋ ಅಪ್ಪನ ಫೋನಿನಲ್ಲಿ ಇರಲಿ. ಬೀಜದ ಹುಡುಗಿಯದು ಈಗ ಅವಳ ಅಪ್ಪನ ಫೋನಿನಲ್ಲಿ ಇದೆ, ದಸರಾ ಆದ ಮೇಲೆ ಅವಳನ್ನ ಕರೆದುಕೊಂಡು ಹೋಗ್ತಾರಂತೆ. ಅಷ್ಟರೊಳಗೆ ಅದೇ ಡಬ್ಬಿ, ಅದೇ ಇಪ್ಪತ್ತು ಬೀಜ ಇಟ್ಟುಕೊಂಡು ಇನ್ನೊಂದು ಸಲ ಜಗಲಿ ಮೇಲೆ ಕೂರಬೇಕು, ಹಾಳೆಯಲ್ಲಿ ಎರಡನೇ ತಾರೀಕಿಗೆ ಜಾಗ ಬಿಟ್ಟಿದ್ದೀವಿ.